ಬರುವ ಭಾನುವಾರ ಕೊನೆಯ ದಿನ

ಹೊಸನಗರದ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ನಾವು ಕೆಲವು ಸ್ನೇಹಿತರು ಶುರುಮಾಡಿದ ಹಳೆ ಪುಸ್ತಕ, ಬಟ್ಟೆ ಸಂಗ್ರಹಕ್ಕೆ ಬೇಸಿಗೆ ರಜೆಯ ಮಟ್ಟಿಗೆ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಬಂದದ್ದರಲ್ಲಿ ಒಳ್ಳೆಯದನ್ನು ಆರಿಸಿ ಅಲ್ಲಿನ ಹುಡುಗಿಯರಿಗೇ ಕೊಡುವುದೆಂದು ಮಾತಾಗಿತ್ತು. ರಜೆ ಮುಗಿಯುತ್ತ ಬಂದಾಗ ಅವರ ಫೋನು ಬಂತು.

“ಸರ್, ಗಂಟುಗಳು ಕಿಟಕಿ ಮಟ್ಟ ಬಂದ್ವು. ಹುಡ್ಗೀರನ್ನ ಎಲ್ಲಿ ಮಲಗಿಸ್ಲಿ? ಅವ್ರು ಬರೋದ್ರೊಳಗೆ ಖಾಲಿ ಮಾಡಿಲ್ಲ ಅಂದ್ರೆ ಇನ್ನು ಸಂಗ್ರಹ ಗಿಂಗ್ರಹ ಎಂತದೂ ಬೇಡ.”

ಹೋಗಿ ನೋಡಿದೆ. ಮದುವೆ ಕರೆಯೋಲೆಗಳು, ಪಠ್ಯ ಬದಲಾಗುವ ಮೊದಲಿನ ಗೈಡುಗಳು, ಒಂಟಿ ಕಾಲುಚೀಲ, ಯಾವುದೋ ವಕೀಲರ ಕರಿಕೋಟು. ಬೇಕಾಗಿದ್ದ ಪಿಯು ಪುಸ್ತಕ, ಸ್ವೆಟರು ಅಡಿಯಲ್ಲೆಲ್ಲೋ ಇರಬಹುದು, ಇಲ್ಲದೆಯೂ ಇರಬಹುದು.

ಸಂಗ್ರಹಕ್ಕೆಂದು ವಾಟ್ಸಾಪ್ ಗುಂಪುಗಳಿಗೆ ಮೊದಲ ಪೋಸ್ಟ್ ಬರೆದವರು ತೀರ್ಥಹಳ್ಳಿಯ ನಿವೃತ್ತ ಕನ್ನಡ ಮೇಷ್ಟ್ರು, ನನ್ನ ಸ್ನೇಹಿತರು. “ಕಪಾಟಿನಲ್ಲಿ ಮಲಗಿದ ಪುಸ್ತಕ ಇನ್ನೊಬ್ಬರ ಬದುಕಿನಲ್ಲಿ ಎದ್ದು ಕೂರಲಿ. ಹಳೆ ಪುಸ್ತಕ, ಬಟ್ಟೆ ಏನಿದ್ದರೂ ಹೊಸನಗರಕ್ಕೆ ತಲುಪಿಸಿ. ಬರುವ ಭಾನುವಾರ ಕೊನೆಯ ದಿನ.” ಹೊಸನಗರದಲ್ಲಿ ಎಲ್ಲಿಗೆ ಎಂದಿರಲಿಲ್ಲ. ಸಾಗರದವರು, ತೀರ್ಥಹಳ್ಳಿಯವರು ನಮ್ಮ ಕಡೆಯ ರೂಢಿಯಂತೆ ಗಂಟು ಕಟ್ಟಿ ಬಸ್ಸಿಗೆ ಹಾಕಿ, ಕಂಡಕ್ಟರಿಗೆ ಹೇಳಿ ಕೈತೊಳೆದುಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದದ್ದನ್ನೆಲ್ಲ, ಸಂಗ್ರಹದ ಸುದ್ದಿ ಗೊತ್ತಿದ್ದ ಆಟೋದವರು ಹಾಸ್ಟೆಲ್ಲಿಗೆ ತಂದು ಸುರಿದರು.

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಮನುಷ್ಯ ನಾನು. ಪೋಸ್ಟ್ ತಿದ್ದಲು ಕೂತರೆ ಕೇಳಬೇಕೆ?

“ಬೇಕು: ಈಗಿನ ಪಠ್ಯದ ಪಿಯು ಪುಸ್ತಕ, ಕಥೆ ಕಾದಂಬರಿ, ನಿಘಂಟು, ಒಗೆದ, ಹರಿಯದ ಚೂಡಿದಾರ, ಸ್ವೆಟರು. ಬೇಡ: ಹಳೆ ಗೈಡು, ಕರೆಯೋಲೆ, ಒಳಉಡುಪು, ಹಾಸಿಗೆ. ಕೊಡುವ ಜಾಗ: ಸಾಗರದ ಸ್ಟೇಷನರಿ ಅಂಗಡಿ, ತೀರ್ಥಹಳ್ಳಿಯ ಮೇಷ್ಟ್ರ ಜಗುಲಿ. ಹೊಸನಗರದಲ್ಲಿ ತೆಗೆದುಕೊಳ್ಳುವುದಿಲ್ಲ. ಬಸ್ಸಿಗೆ ಹಾಕಬೇಡಿ.” ಜೊತೆಗೆ ಎರಡೂ ಕಡೆಯ ವಿಳಾಸ, ಹೊತ್ತು, ಎರಡೇ ದಿನಗಳ ತಾರೀಖು, ತಿಂಗಳು, ಇಸವಿ.

ಮೇಷ್ಟ್ರು ಓದಿ ನಕ್ಕರು. “ಇದೆಂತ ಮಾರಾಯ್ರೆ, ದಾನ ಕೇಳೋದೋ, ಟೆಂಡರ್ ಕರೆಯೋದೋ?”

“ಟೆಂಡರಾದ್ರೆ ಒಬ್ಬಿಬ್ರಾದ್ರೂ ಷರತ್ತು ಓದ್ತಾರೆ.”

“ಒಂದು ಹೂವಿನ ಚಿತ್ರನಾದ್ರೂ ಹಾಕಿ.”

ದಾಸವಾಳ ಹಾಕಿದೆ.

ಆ ಎರಡು ದಿನಗಳಲ್ಲಿ ಸಾಗರದ ಅಂಗಡಿಗೆ ಒಂದೇ ಚೀಲ ಬಂತು. ಎರಡು ಸ್ವೆಟರು, ರಸಾಯನಶಾಸ್ತ್ರದ ಪುಸ್ತಕ, ಎಲ್ಲ ಶುಚಿಯಾಗಿ. ಜಗುಲಿಗೆ ಏನೂ ಬರಲಿಲ್ಲ. ಆದರೆ ಬಸ್ಸುಗಳಿಂದ ಗಂಟುಗಳು ಇಳಿಯುತ್ತಲೇ ಇದ್ದವು. ಮೇಷ್ಟ್ರ ಪೋಸ್ಟ್ ನಮಗೆ ಗೊತ್ತಿಲ್ಲದ ಗುಂಪುಗಳಲ್ಲಿ ಸುತ್ತುತ್ತಿತ್ತು. ಯಾವ ವಾರ ಓದಿದರೂ ಒಂದು ಭಾನುವಾರ ಬರುವುದರಲ್ಲೇ ಇರುತ್ತದೆ. ನಾನಿದ್ದ ಗುಂಪುಗಳಲ್ಲೆಲ್ಲ “ಹಳೆಯದು ರದ್ದಾಗಿದೆ” ಎಂದು ಬರೆದೆ. ನಾನಿಲ್ಲದ ಗುಂಪುಗಳಿಗೆ ಬರೆಯುವುದು ಹೇಗೆ?

ಹುಡುಗಿಯರು ಟ್ರಂಕು ಹಿಡಿದು ಬಂದರು. ನಾವು ಕಾಲುಭಾಗವನ್ನೂ ಆರಿಸಿರಲಿಲ್ಲ. ವಾರ್ಡನ್ ಎಲ್ಲವನ್ನೂ ಹೊರಗೆ ಹಾಕಿಸಿದರು. ಮಳೆಗೆ ನೆನೆದು, ಕಸದ ಗಾಡಿಯಲ್ಲಿ ಹೋಯಿತು. ನಾನು ತಂದಿಟ್ಟಿದ್ದ ಸಾಗರದ ಚೀಲವೊಂದನ್ನು ಮಾತ್ರ ಒಳಗೆ ಇಟ್ಟುಕೊಂಡರು.

“ಮುಂದಿನ ವರ್ಷ ಕೇಳ್ಬೇಡಿ ಸರ್.”

“ಇಲ್ಲ ಮೇಡಂ,” ಎಂದೆ. ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಅದನ್ನು ವಾಪಸು ಕಳಿಸಲು ನಾನೇ ಹೋದೆ.