ಬೇಕೆಂದೇ ಹಾಕಿದ ತಪ್ಪು

ಮಾದಾಪುರದ ಆಫೀಸಿನಲ್ಲಿ ನನ್ನ ಕೆಲಸ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದು. ಸಂಬಳ ತಗೊಂಡು ಚಾಡಿ ಹೇಳುವವಳು ಎಂದು ಅಮ್ಮ ನಗುತ್ತಾಳೆ. ಕಂಪ್ಯೂಟರ್ ಚಿಪ್ಪಿನ ಒಂದೊಂದು ಭಾಗವನ್ನೂ ಮೊದಲು ಕೋಡಿನಲ್ಲಿ ಬರೆಯುತ್ತಾರೆ. ಅದನ್ನು ತಾನೇ ಪರೀಕ್ಷಿಸಿ ತೀರ್ಪು ಕೊಡುವ ಟೆಸ್ಟ್‌ಬೆಂಚ್ ಬರೆಯುವವಳು ನಾನು.

ಆ ಸಲ ಮೊದಲ ಬಾರಿಗೆ ಒಂದು ಇಡೀ ಭಾಗ, ಅಂದರೆ ಮಾಡ್ಯೂಲ್, ನನ್ನೊಬ್ಬಳ ಪಾಲಿಗೆ ಬಂದಿತ್ತು. ಅದರ ಕೋಡ್ ಬರೆದವರು ಆಫೀಸಿನ ಹಿರಿಯರೊಬ್ಬರು, ಕಲಬುರಗಿಯವರು. ನಿಯಮ ಸರಳ: ಡೇಟಾ ಸಿದ್ಧವೆಂದು ಒಮ್ಮೆ ಸಿಗ್ನಲ್ ಎತ್ತಿದರೆ, ಚಿಪ್ಪಿನ ಎದುರಿನ ಭಾಗ ಅದನ್ನು ತೆಗೆದುಕೊಳ್ಳುವವರೆಗೆ ಇಳಿಸಬಾರದು. ಇದನ್ನು ಕಾಯಲು, ನಿಯಮ ಮುರಿದೊಡನೆ ಕೂಗುವ ಒಂದು ಅಸರ್ಷನ್ ಬರೆದೆ. ಡೇಟಾ ಯಾವಾಗ ಬರಬೇಕು, ಎದುರಿನ ಭಾಗ ಎಷ್ಟು ಕಾಯಿಸಬೇಕು, ಎಲ್ಲವೂ ರ‍್ಯಾಂಡಮ್. ಒಳಹೋದದ್ದೇ ಹೊರಬಂತೇ ಎಂಬ ಹೋಲಿಕೆ ಬೇರೆ. ವಾರವಿಡೀ ಸಾವಿರಾರು ಓಟ, ಎಲ್ಲ ಹಸಿರು, ಅಂದರೆ ಪಾಸು. ಶುಕ್ರವಾರ ಮಾಡ್ಯೂಲ್ ಚಿಪ್ಪಿಗೆ ಸೇರಬೇಕಿತ್ತು.

ಗುರುವಾರ ಬೆಳಿಗ್ಗೆ, ಒಪ್ಪಿಗೆ ಕೊಡುವ ಮುಂಚೆ, ಟೆಸ್ಟ್‌ಬೆಂಚ್ ಹಿಡಿಯುತ್ತದೆಯೇ ಎಂದು ನೋಡಲು, ಪದ್ಧತಿಯಂತೆ ಅವರ ಕೋಡಿನ ಪ್ರತಿಯಲ್ಲಿ ಬೇಕೆಂದೇ ಒಂದು ತಪ್ಪು ಹಾಕಿದೆ. ಕಾಯುವಾಗಲೇ ಸಿಗ್ನಲ್ ಇಳಿಯುವಂತೆ ಮಾಡಿ ಓಡಿಸಿದೆ. ಆಗಲೂ ಹಸಿರು! ಇಂಗು ತಿಂದ ಮಂಗನಂತಾಯಿತು ನನ್ನ ಮುಖ.

ಹುಡುಕಿದರೆ ತಪ್ಪು ನನ್ನದೇ. ರಿಸೆಟ್ ನಡೆದಿರುವಾಗ, ಅಂದರೆ ಎಲ್ಲವೂ ಆರಂಭದ ಸ್ಥಿತಿಗೆ ಮರಳುವಾಗ ಮಾತ್ರ ಅಸರ್ಷನ್ ಸುಮ್ಮನಿರಬೇಕು. ಈ ಮಾಡ್ಯೂಲಿನಲ್ಲಿ ರಿಸೆಟ್ ತಂತಿ ಸೊನ್ನೆಯಾಗಿದ್ದಾಗ ರಿಸೆಟ್ ನಡೆಯುತ್ತದೆ, ನಾನು ಒಂದಾಗಿದ್ದಾಗ ಎಂದು ಬರೆದಿದ್ದೆ. ಹಾಗಾಗಿ ನಿಜವಾದ ಕೆಲಸ ಶುರುವಾದೊಡನೆ ಅಸರ್ಷನ್ ಮಲಗಿಬಿಡುತ್ತಿತ್ತು. ಸಿಗ್ನಲ್ ಇಳಿದು ಮತ್ತೆ ಎದ್ದರೂ ಡೇಟಾ ಕೊನೆಗೆ ಸರಿಯಾಗಿಯೇ ತಲುಪುವುದರಿಂದ ಹೋಲಿಕೆಗೂ ಗೊತ್ತಾಗಲಿಲ್ಲ. ಎಷ್ಟು ಸಲ ನಿಯಮ ಪರೀಕ್ಷೆಯಾಯಿತೆಂದು ನಾನು ನೋಡಿಯೇ ಇರಲಿಲ್ಲ.

ಸಾಲು ತಿದ್ದಿ, ನಾನು ಹಾಕಿದ ತಪ್ಪು ತೆಗೆದು, ಅವರ ಮೂಲ ಕೋಡನ್ನೇ ಓಡಿಸಿದೆ. ಮೂರನೆಯ ಸೀಡಿಗೆ, ಅಂದರೆ ರ‍್ಯಾಂಡಮ್ ಓಟವನ್ನು ಗೊತ್ತುಮಾಡುವ ಮೂರನೆಯ ಸಂಖ್ಯೆಗೆ, ಕೆಂಪು. ಅದೇ ಸೀಡ್ ಕೊಟ್ಟು ಮತ್ತೆ ಓಡಿಸಿದೆ. ಅದೇ ಕ್ಲಾಕಿನಲ್ಲಿ, ಅದೇ ಮಿಡಿತಕ್ಕೆ, ಕೆಂಪು. ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ವಾರದ ನನ್ನ ರಿಪೋರ್ಟುಗಳೆಲ್ಲ ಸುಳ್ಳಾಗುತ್ತವೆ. ಆದರೂ ಎದ್ದು ಅವರ ಟೇಬಲ್ಲಿಗೆ ಹೋದೆ.

"ವಾರಾ ಪೂರಾ ಹಸಿರು ತೋರ್ಸಿ, ಈಗ ಕೆಂಪು ಅಂತೀಯಲ್ಲ ತಂಗಿ?" ಎಂದರು.

"ನನ್ನ ಅಸರ್ಷನ್ನೇ ಮಲಗಿತ್ರಿ ಸರ್. ನಿಮ್ಮ ತಪ್ಪಿಗಿಂತ ನಂದು ದೊಡ್ಡದೈತಿ. ಹಳೇ ರಿಪೋರ್ಟ್ ನಂಬಬ್ಯಾಡ್ರಿ ಅಂತ ಎಲ್ಲಾರಿಗೂ ಮೇಲ್ ಹಾಕಾಕತ್ತೀನಿ."

ಅವರು ವೇವ್‌ಫಾರ್ಮನ್ನು, ಸಿಗ್ನಲ್ ಏರಿಳಿಯುವ ಗೆರೆಗಳನ್ನು, ಒಂದೊಂದೇ ಕ್ಲಾಕ್ ಸರಿಸಿ ನೋಡಿದರು. ಕಾಯುತ್ತಿರುವಾಗ ಹೊಸ ಡೇಟಾ ಬಂದರೆ ಸಿಗ್ನಲ್ ಒಂದು ಕ್ಲಾಕ್ ಇಳಿಯುತ್ತಿತ್ತು. "ಅರೇ, ಖರೇ ಐತಿ," ಎಂದು ಸಂಜೆಯೊಳಗೆ ತಿದ್ದಿದರು. ನಾನು ಮತ್ತೆ ಬೇಕೆಂದೇ ಅದೇ ತಪ್ಪು ಹಾಕಿ, ಕೆಂಪು ಬಂದದ್ದನ್ನು ಅವರಿಗೆ ತೋರಿಸಿ, ಅದನ್ನು ತೆಗೆದು ಎಲ್ಲ ಸೀಡುಗಳನ್ನೂ ಓಡಿಸಿದೆ: ಎಲ್ಲ ಹಸಿರು.

ಶುಕ್ರವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ನೇರವಾಗಿ ಕೇಳಿದರು: ಈ ಹಸಿರನ್ನಾದರೂ ನಂಬಬಹುದೇ? ನಾನು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ಅಂದರು:

"ನಂಬ್ರಿ. ಮೊದ್ಲ ತಾನೇ ಕೆಂಪು ಮಾಡಿ ನೋಡ್ಯಾಳ."