ಗುಂಡಿ ಡಬ್ಬಿಯ ಮಾತ್ರೆ

ನನ್ನ ಬಟ್ಟೆ ಅಂಗಡಿಯ ಪಕ್ಕದ ದರ್ಜಿ ಊರಿನವರ ಅಳತೆಯನ್ನೆಲ್ಲ ಬಾಯಲ್ಲೇ ಹೇಳಬಲ್ಲವನು, ತನ್ನ ಸಂಕಟ ಮಾತ್ರ ಹೇಳಲಾರದವನು. ಎರಡೂವರೆ ವರ್ಷದ ಹಿಂದೆ ಮನಸ್ಸು ಕುಸಿದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹುಚ್ಚನೆಂದಾರೆಂದು ಹೆದರಿ, ಅದನ್ನು ಗುಂಡಿ ಡಬ್ಬಿಯಲ್ಲಿಟ್ಟು ಹೆಂಡತಿಗೂ ಕಾಣದಂತೆ ನುಂಗಿದ. ಮನಸ್ಸು ಸರಿಹೋಯಿತು, ಹಾಸಿಗೆಯಲ್ಲಿ ತೊಡಕು ಹುಟ್ಟಿತು. ಗಟ್ಟಿಯಾಗಿ ನಿಮಿರುತ್ತಿತ್ತು, ಆದರೆ ಎಷ್ಟು ಹೊತ್ತಾದರೂ ಸುಖದ ತುದಿ ಮುಟ್ಟುತ್ತಿರಲಿಲ್ಲ. ಹಾಸಿಗೆಯ ಮಾತಷ್ಟನ್ನೇ ಹೇಗೋ ತೊದಲಿ ನನ್ನ ಕಿವಿಗೆ ಹಾಕಿದಾಗ, ನಾನು ಮಹಾ ಬುದ್ಧಿವಂತನಂತೆ ನಿಮಿರಿಸುವ ಶಕ್ತಿಮಾತ್ರೆ ಕೊಡಿಸಿದೆ. ಇದ್ದ ಮಾಲನ್ನೇ ಮತ್ತೆ ತುಂಬಿದಂತಾಯಿತು.

“ಬೇರೆ ಕಡೆ ಮುಗಿಸ್ಕೊಂಡು ಬಂದ್ರೆ ಇಲ್ಲೇನು ಉಳಿದಿರುತ್ತೆ?” ಎಂದು ಹೆಂಡತಿ ತವರಿಗೆ ಹೋದಳು.

ಆಗ ಡಾಕ್ಟರ ಮುಂದೆ ಬಾಯಿಬಿಟ್ಟ.

“ಈ ಮಾತ್ರೆಯಿಂದ ಎಷ್ಟೋ ಜನಕ್ಕೆ ಹೀಗಾಗುತ್ತೆ ಕಣಪ್ಪ. ನೀನಾಗಿ ನಿಲ್ಲಿಸ್ಬೇಡ, ನಿಧಾನವಾಗಿ ಬದಲಾಯಿಸೋಣ. ಮೊದ್ಲೇ ಹೇಳೋಕೇನಾಗಿತ್ತು?”

ಡಬ್ಬಿ ಹಿಡಿದು ಹೆಂಡತಿಯ ತವರಿಗೆ ಓಡಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಅವಳು ಡಬ್ಬಿಯೊಳಗೆ ಇಣುಕಿದಳು.

“ನನ್ನಲ್ಲೇ ಏನೋ ಕೊರತೆ ಅಂತ ಎರಡು ವರ್ಷ ಅತ್ತೆ ಕಣ್ರೀ. ಇದು ನನ್ನ ಅಂಗಿ ಗುಂಡಿ ಪಕ್ಕದಲ್ಲೇ ಇತ್ತಾ?”

ಬಾಗಿಲು ಹಾಕಿಕೊಂಡಳು.

ಹೊಸ ಮಾತ್ರೆಯಿಂದ ದೇಹ ದಾರಿಗೆ ಬಂದಿದೆಯಂತೆ. ಆ ಮಾತ್ರೆಯನ್ನೀಗ ಹೊಲಿಗೆ ಯಂತ್ರದ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾನೆ. ಕಾಣಬೇಕಾದವಳು ಇನ್ನೂ ಬಂದಿಲ್ಲ.