ಗಿರಿಜತ್ತೆ ಓದದ ಪುಸ್ತಕ

ಬಜೆಯ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ. ಹೋದ ತಿಂಗಳು ಹೊನ್ನಾಳಿಗೆ ತಂಗಿಯ ಮೊಮ್ಮಗುವನ್ನು ನೋಡಲು ಹೋಗಿದ್ದೆ. ತಂಗಿ ಸಾಣೆಕಲ್ಲಿನ ಮೇಲೆ ಬಜೆ ಬೇರು ತೇಯ್ದು, ಬೆರಳ ತುದಿಯಲ್ಲಿ ಅಷ್ಟು ತೆಗೆದು ಮಗುವಿನ ನಾಲಗೆಗೆ ಸವರುತ್ತಿದ್ದಳು. ಮಗು ಮುಖ ಕಿವುಚಿತು. "ಮಾತು ಚೆನ್ನಾಗಿ ಬರ್ಲಿ ಅಂತ ಹಾಕೋದು ಕಣಕ್ಕ, ನಿಂಗೂ ಅವ್ವ ಹಾಕಿರ್ತಾಳೆ" ಎಂದಳು. ಹಾಕಿರಬೇಕು. ನನಗೆ ಮಾತು ಬೇಗ ಬಂತು, ಬೇಕಾದ್ದಕ್ಕಿಂತ ಚೆನ್ನಾಗಿಯೇ ಬಂತು. ಆದರೆ ಆ ಘಾಟಿಗೆ ನನಗೆ ನೆನಪಾಗುವುದು ಮಕ್ಕಳಲ್ಲ, ಪುಸ್ತಕ. ನ್ಯಾಮತಿಯ ನಮ್ಮ ಮನೆಯಲ್ಲಿ ದೊಡ್ಡಪ್ಪನ ಪುಸ್ತಕದ ಬೀರುವಿನ ಪ್ರತಿ ಅರೆಯಲ್ಲೂ ಹುಳ ಹಿಡಿಯದಿರಲೆಂದು ಬಜೆಯ ತುಂಡು ಇಟ್ಟಿರುತ್ತಿದ್ದರು. ಬಾಗಿಲು ತೆರೆದರೆ ಆ ಕಹಿ ವಾಸನೆ ಪಡಸಾಲೆಯ ತುಂಬ ಹರಡುತ್ತಿತ್ತು. ಈಗ ಆ ಪಡಸಾಲೆ ಇದ್ದ ಜಾಗದಲ್ಲಿ ಗೊಬ್ಬರದ ಅಂಗಡಿ ಇದೆ. ಬಸ್ಸಿನಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಊರಿನವರಿಗೆ ದೇವರಂಥ ಮನುಷ್ಯ, ಮನೆಯವರಿಗೆ ದಿನವೂ ನಡೆಯುವ ಪರೀಕ್ಷೆ. ಹೊಸ ಕಾದಂಬರಿ ಮನೆಗೆ ಬಂದರೆ ಅದನ್ನು ಯಾರೂ ಹಾಗೇ ಓದುವಂತಿರಲಿಲ್ಲ. ಕಥೆ ಶುರುವಾಗುವ ಹಾಳೆಯಿಂದ ಕೊನೆಯ ಹಾಳೆಯವರೆಗೆ ಒಟ್ಟಿಗೆ ಹಿಡಿದು ಕೆಂಪು ದಾರ ಸುತ್ತಿ ಗಂಟು ಹಾಕುತ್ತಿದ್ದರು. ತೆರೆದು ನೋಡಲು ಉಳಿಯುತ್ತಿದ್ದದ್ದು ಹೆಸರು ಇರುವ ಹಾಳೆ, ಮತ್ತು ಕಥೆಗೆ ಮುಂಚೆ ಖಾಲಿ ಹಾಳೆಯ ನಡುವೆ ಸಣ್ಣಗೆ ಅಚ್ಚಾಗಿರುವ ಒಂದೆರಡು ಸಾಲು. ಆ ಸಾಲಿಗೆ ನಮ್ಮ ಮನೆಯಲ್ಲಿ ಹಣೆಸಾಲು ಎಂದು ಹೆಸರು. ಹೆಸರು ಮತ್ತು ಹಣೆಸಾಲು ಇಷ್ಟನ್ನೇ ಓದಿ, ಪುಸ್ತಕ ಏನು ಹೇಳಲಿದೆ ಎಂದು ಪ್ರತಿಯೊಬ್ಬರೂ ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ ಕತ್ತರಿಸಿದ ಚೀಟಿಯಲ್ಲಿ ಬರೆಯಬೇಕು. ದೊಡ್ಡಪ್ಪ ಎಲ್ಲ ಚೀಟಿ ಓದಿ, ಯಾರದು ಸರಿ ಅನ್ನಿಸಿತೋ ಅವರ ಕೈಗೆ ದಾರ ಬಿಚ್ಚಿಕೊಟ್ಟು, ಚೀಟಿಗಳನ್ನು ಹಿಂದಿನ ರಟ್ಟಿನೊಳಗೆ ಸಿಕ್ಕಿಸುತ್ತಿದ್ದರು. ಉಳಿದವರು ವಾರ ಬಿಟ್ಟು ಮತ್ತೆ ಬರೆದು ತೋರಿಸಬೇಕು. ಎಲ್ಲರೂ ಓದಿಯಾದ ಮೇಲೆ ಒಂದು ಸಂಜೆ ಚೀಟಿ ತೆಗೆದು ಯಾರು ಎಲ್ಲಿ ಎಡವಿದರು ಎಂದು ನೋಡುವುದು. ಆ ಸಂಜೆ ಯಾರಾದರೊಬ್ಬರು ಅತ್ತೇ ಏಳುತ್ತಿದ್ದರು.

ವಿದ್ಯೆಯನ್ನು ಅವರು ಸರಿಯಾಗಿಯೇ ಕಲಿಸಿದರು, ಅದನ್ನು ಅಲ್ಲಗಳೆಯುವುದಿಲ್ಲ. ಹೆಸರು ಮನುಷ್ಯರದೋ, ಊರಿನದೋ, ವಸ್ತುವಿನದೋ ಮೊದಲು ನೋಡು. ವಸ್ತುವಾದರೆ ಅದು ಯಾರ ಕೈಗೆ ಸಿಗುತ್ತದೆ, ಯಾರ ಕೈಗೆ ಸಿಗುವುದಿಲ್ಲ ಎಂದು ಕೇಳಿಕೋ. ಹಣೆಸಾಲಿನಲ್ಲಿ ಮಾತಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು, ಯಾವ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟಿದ್ದಾರೆ? ಕೆಳಗೆ ಬೇರೆಯವರ ಹೆಸರಿದ್ದರೆ ಎಲ್ಲಿಂದಲೋ ಎತ್ತಿ ತಂದದ್ದು, ಅಲ್ಲಿ ಹಿಂದೆ ಮುಂದೆ ಏನಿತ್ತು ಎಂದು ಹುಡುಕಬೇಕು. ಹೆಸರಿಲ್ಲದಿದ್ದರೆ ಬರೆದವನೇ ಕಟ್ಟಿದ್ದು, ಕಥೆಯೊಳಗಿಂದಲೇ ಏನನ್ನೋ ಕದ್ದು ಮುಂದಿಟ್ಟಿದ್ದಾನೆ ಎಂದು ತಿಳಿ. ಆಮೇಲೆ ಹೆಸರನ್ನೂ ಸಾಲನ್ನೂ ಒಂದರ ಪಕ್ಕ ಒಂದು ಇಟ್ಟು ನೋಡು. ಕೊನೆಗೆ ಅವರು ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ಇದು ಬರೀ ಊಹೆ. ಒಂದೊಂದು ಅಧ್ಯಾಯ ಮುಗಿದಾಗ್ಲೂ ವಾಪಸ್ ಬಂದು ಹೆಸ್ರು ನೋಡ್ಬೇಕು. ಪುಸ್ತಕ ಮುಗಿಯೋ ಮುಂಚೆ ಊಹೆ ಗಟ್ಟಿ ಮಾಡ್ಕಂಡೋನು ಓದಾಕೆ ಲಾಯಕ್ಕಿಲ್ಲ." ಈ ಮಾತನ್ನು ನಾವೆಲ್ಲ ನಂಬಿದೆವು. ಹೇಳಿದವರು ಮಾತ್ರ ನಂಬಿರಲಿಲ್ಲ.

ಗಿರಿಜತ್ತೆ ದೊಡ್ಡಪ್ಪನಿಗೂ ನನ್ನಪ್ಪನಿಗೂ ಒಬ್ಬಳೇ ತಂಗಿ. ಅವಳನ್ನು ಜಗಳೂರಿನ ಕಡೆ ಕೊಟ್ಟಿದ್ದರು, ಮೆಕ್ಕೆಜೋಳ, ಶೇಂಗಾ, ಕುರಿ ಹಿಂಡು ಎಲ್ಲ ಇದ್ದ ಮನೆ. ಮದುವೆಯಾಗಿ ಎರಡು ವರ್ಷಕ್ಕೆ ಒಂದು ಬ್ಯಾಗು ಹಿಡಿದು ಒಬ್ಬಳೇ ನ್ಯಾಮತಿಗೆ ಬಂದಳು. ಯಾಕೆಂದು ಗಂಡಸರಿಗೆ ಹೇಳಲಿಲ್ಲ. ಅವ್ವನಿಗೆ ಹೇಳಿದಳು, ಅಕ್ಕಿ ಆರಿಸುತ್ತಾ, ತಲೆ ಎತ್ತದೆ. ನಾನು ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದೆ. "ಹೊಲಕ್ಕೆ ಹೋಗ್ಬೇಕಾದ್ರೆ ನನ್ನ ಒಳಗೆ ಬಿಟ್ಟು ಹೊರಗಿಂದ ಚಿಲಕ ಹಾಕ್ಕಂಡು ಹೋಗ್ತಾರೆ ಅತ್ತಿಗೆ. ಸಂಜಿ ತನಕ. ಕುಡಿಯಾಕೆ ನೀರಿರ್ತೈತೆ ಅಷ್ಟೇ." ಅವ್ವ ಆರಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಕೇಳಿಸದವಳ ಹಾಗೆ ಮಗ್ಗಿ ಗೊಣಗಿದೆ. ಆಗ ನನಗೆ ಹನ್ನೆರಡು ವರ್ಷ. ಏನೂ ತಿಳಿಯದ ವಯಸ್ಸು ಎಂದು ಹೇಳಿಕೊಂಡು ತಪ್ಪಿಸಿಕೊಳ್ಳುವಷ್ಟು ಸಣ್ಣದಲ್ಲ.

ಎಂಟು ತಿಂಗಳು ಅತ್ತೆ ನಮ್ಮೊಂದಿಗಿದ್ದಳು. ನನ್ನ ಬಾಲ್ಯದಲ್ಲಿ ಚೆನ್ನಾಗಿದ್ದ ಕಾಲ ಎಂದರೆ ಅದೇ. ಹಿತ್ತಿಲ ಕಲ್ಲಿನ ಮೇಲೆ ಕೂತು ನನ್ನ ತಲೆ ಬಾಚುತ್ತಾ, ಓದಿದ ಕಥೆಯನ್ನೆಲ್ಲ ತನ್ನದೇ ಧಾಟಿಯಲ್ಲಿ ಹೇಳುತ್ತಿದ್ದಳು. ಅವಳ ಕೈಯಲ್ಲಿ ಯಾವಾಗಲೂ ಸೀಗೆಪುಡಿಯ ವಾಸನೆ. ಮಧ್ಯೆ ನಿಲ್ಲಿಸಿ, "ಈಗ ಏನಾಗ್ಬಹುದು ಹೇಳು ಪುಟ್ಟಿ" ಎಂದು ಕೇಳುವಳು. ತಪ್ಪು ಹೇಳಿದರೆ, "ಅದೂ ಆಗ್ಬಹುದಿತ್ತು" ಎನ್ನುವಳು. ಆ ಮನೆಯಲ್ಲಿ ಹಾಗೆ ಹೇಳಿದವರು ಬೇರೆ ಯಾರೂ ಇರಲಿಲ್ಲ. ಮುಂದೆ ಒಂದು ಗುರುವಾರ ಜಗಳೂರಿನಿಂದ ಹೇಳಿಕಳಿಸಿದರು: ಸೋಮವಾರದೊಳಗೆ ಕಳಿಸಿ, ಇಲ್ಲದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ. ದೊಡ್ಡಪ್ಪ ಮುಖ ಗಂಟು ಹಾಕಿಕೊಂಡು ಓಡಾಡಿದರು. ಊರೆಲ್ಲ ಗೌರವಿಸುವ ಮೇಷ್ಟ್ರ ತಂಗಿ ಗಂಡನನ್ನು ಬಿಟ್ಟು ಬಂದಿದ್ದಾಳೆ ಎಂಬ ಮಾತು ಎಂಟು ತಿಂಗಳಿಂದ ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಮರುದಿನ, ಶುಕ್ರವಾರ ಸಂಜೆ, ಹೊಸ ಪುಸ್ತಕ ಪಡಸಾಲೆಗೆ ಬಂತು. ಅಂಚೆಯಲ್ಲಿ ಬಂದದ್ದು, ದೊಡ್ಡಪ್ಪನೂ ಓದಿರಲಿಲ್ಲ. ಹೆಸರು 'ಹೊರಗಿನ ಚಿಲಕ'. ಅತ್ತೆಯ ಕೈ ತಾನಾಗಿಯೇ ಮುಂದೆ ಬಂದು ರಟ್ಟನ್ನು ಸವರಿತು. ಹಣೆಸಾಲನ್ನು ನನ್ನಿಂದ ಓದಿಸಿದರು:

"ನೀನು ಒಳಗಿನವಳೋ ಹೊರಗಿನವಳೋ ಎಂದಿತು ಬಾಗಿಲು.
ನಾನು ತಟ್ಟಿದವಳು ಎಂದಳು ಅವಳು."

ಕೆಳಗೆ ಯಾರ ಹೆಸರೂ ಇರಲಿಲ್ಲ. ಅಂದರೆ ಬರೆದವನೇ ಕಟ್ಟಿದ್ದು. ಹೆಸರು ವಸ್ತುವಿನದು. ಯಾವ ಚಿಲಕ ಎಂದೂ ಹೇಳಿದ್ದಾನೆ, ಹೊರಗಿನದು. ಆದರೆ ತಟ್ಟಿದವಳು ಬಾಗಿಲ ಯಾವ ಬದಿಗೆ ನಿಂತಿದ್ದಾಳೆ ಎಂಬುದನ್ನು ಮಾತ್ರ ಹೇಳಿಲ್ಲ. ಬಾಗಿಲು ಅದನ್ನೇ ಕೇಳಿದೆ, ಅವಳು ಅದಕ್ಕೆ ಉತ್ತರ ಕೊಡದೆ ತಾನು ಮಾಡಿದ್ದನ್ನಷ್ಟೇ ಹೇಳಿದ್ದಾಳೆ. ದೊಡ್ಡಪ್ಪನೂ ಸೇರಿ ಎಲ್ಲರೂ ಬರೆದಾಯಿತು. ದೊಡ್ಡಪ್ಪ ಅತ್ತೆಯ ಚೀಟಿ ತೆಗೆದು ಮನಸ್ಸಿನಲ್ಲೇ ಓದಿ, ಬಾಯಿ ಸೊಟ್ಟ ಮಾಡಿ ಕೆಳಗಿಟ್ಟರು. "ನೀನೇ ಬಾಯಿಬಿಟ್ಟು ಹೇಳಮ್ಮ" ಎಂದರು.

"ಚಿಲಕ ಹೊರಗೈತೆ ಅಂದ್ಮೇಲೆ ಹೊರಗಿರೋಳು ತಟ್ಟೋ ಅಗತ್ಯ ಇಲ್ಲಣ್ಣ, ತಾನೇ ತೆಗೀಬಹುದು" ಎಂದಳು ಅತ್ತೆ. ಅವಳ ಮಾತು ತಡವರಿಸಲಿಲ್ಲ. "ಆದ್ರೂ ತಟ್ಟಿದಾಳೆ. ಯಾಕೆ ತಟ್ಟಿದ್ಲು ಅನ್ನೋದೇ ಕಥೆ ಇರ್ಬೇಕು."

"ತಲೆಹರಟೆ" ಎಂದರು ದೊಡ್ಡಪ್ಪ. "ತಟ್ಟೋದು ಅಂದ್ರೆ ಬೇಡೋದು. ಮನೆ ಬಿಟ್ಟು ಹೋದೋಳು ವಾಪಸ್ ಬಂದು ತಲೆ ತಗ್ಗಿಸಿ ತಟ್ತಾಳೆ. ಮನೆಯೋರು ಕರ್ಕಂತಾರೆ. ಬರೆದೋನು ಬುದ್ಧಿವಂತ, ಎರಡೇ ಸಾಲ್ನಾಗೆ ಹೇಳ್ಬಿಟ್ಟಾನೆ. ನಿಂಗೇ ಹೇಳ್ದಂಗೈತೆ ಗಿರಿಜಾ." ಆಮೇಲೆ ನನ್ನ ಚೀಟಿ ತೆಗೆದು ಗಟ್ಟಿಯಾಗಿ ಓದಿದರು. ಅದರಲ್ಲಿ ಇದ್ದದ್ದೂ ಅದೇ. ನನಗೆ ಹಾಗನ್ನಿಸಿ ಬರೆದದ್ದಲ್ಲ. ಎರಡು ದಿನದಿಂದ ಅವರ ಮುಖ ನೋಡಿದ್ದೆ, ಅವರಿಗೆ ಏನು ಬೇಕೆಂದು ತಿಳಿದಿತ್ತು. ಪುಸ್ತಕಕ್ಕಿಂತ ದೊಡ್ಡಪ್ಪನನ್ನು ಓದುವುದು ನನಗೆ ಸುಲಭವಾಗಿತ್ತು. "ನೋಡು, ಈ ಕೂಸಿಗೆ ತಿಳಿದಿದ್ದು ನಿಂಗೆ ತಿಳೀಲಿಲ್ಲ" ಎಂದು ದಾರ ಬಿಚ್ಚಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು. ಅತ್ತೆ, "ಸೋಮವಾರದೊಳಗೆ ನಂಗೊಂದ್ಸಲ ಕೊಡಣ್ಣ, ಓದಿ ಹೋಗ್ತೀನಿ" ಎಂದಳು. "ವಾರ ಬಿಟ್ಟು ಮತ್ತೆ ಬರಿ, ನೋಡಾಣ" ಎಂದರು, ವಾರ ಬಿಟ್ಟು ಅವಳು ಅಲ್ಲಿರುವುದಿಲ್ಲ ಎಂದು ತಿಳಿದೂ. ಆ ಮನೆಯಲ್ಲಿ ಅದಕ್ಕೆ ನಿಯಮ ಎನ್ನುತ್ತಿದ್ದರು.

ಶನಿವಾರ, ಭಾನುವಾರ ನಾನು ಓದಿದೆ. ಚಿಲಕ ಮೊದಲು ಕಾಣಿಸಿದ್ದು ಮೂರನೆಯ ಅಧ್ಯಾಯದಲ್ಲಿ, ಅತ್ತೆಯೊಬ್ಬಳು ಸೊಸೆಯನ್ನು ಕಣಜದ ಕೋಣೆಗೆ ನೂಕಿ ಹಾಕುವ ಚಿಲಕ. ಆಗಲೇ ಹಿಂದಕ್ಕೆ ಹೋಗಿ ಹೆಸರು ನೋಡಿದೆ. ಸೊಸೆ ತಪ್ಪಿಸಿಕೊಂಡು ಹೋಗುತ್ತಾಳೆ, ಸಣ್ಣ ಮಗಳು ಅಲ್ಲೇ ಉಳಿಯುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಸೊಸೆ ವಾಪಸ್ ಬರುತ್ತಾಳೆ. ದೊಡ್ಡಪ್ಪ ಹೇಳಿದ್ದು ಅಲ್ಲಿಯವರೆಗೆ ಸರಿ. ಈಗ ಕೋಣೆಯೊಳಗೆ ಇರುವವಳು ಮಗಳು. ತಾಯಿ ಹೊರಗೆ ನಿಂತಿದ್ದಾಳೆ, ಚಿಲಕ ಅವಳ ಕೈಗೆ ಸಿಗುವಂತಿದೆ, ಮನೆಯಲ್ಲಿ ಯಾರೂ ಇಲ್ಲ. ಆದರೂ ಮೊದಲು ಮೆಲ್ಲಗೆ ತಟ್ಟುತ್ತಾಳೆ. ಬೇಡುವುದಕ್ಕಲ್ಲ. ಚಿಲಕದ ಸದ್ದಿಗೆ ಮಗು ಹೆದರುತ್ತದೆ, ಬಂದದ್ದು ನಾನು ಎಂದು ಅದಕ್ಕೆ ಗೊತ್ತಾಗಲಿ ಎಂದು. ಆಮೇಲೆ ಚಿಲಕ ತೆಗೆದು ಮಗಳನ್ನು ಎತ್ತಿಕೊಂಡು ಹೋಗಿಬಿಡುತ್ತಾಳೆ. ಅತ್ತೆ ಕೇಳಿದ ಪ್ರಶ್ನೆಯೇ ಕಥೆಯಾಗಿತ್ತು. ನಾನು ರಟ್ಟಿನಿಂದ ನನ್ನ ಚೀಟಿ ತೆಗೆದು ಚೂರು ಮಾಡಿ ಒಲೆಗೆ ಹಾಕಿದೆ.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪ ಸೀಟು ಹಿಡಿಯಲು ಬಸ್ಸು ಹತ್ತಿದರು. ಅತ್ತೆ ಕೆಳಗೆ ನನ್ನ ಕೈ ಹಿಡಿದು ನಿಂತಿದ್ದಳು. "ಓದಿ ಮುಗಿಸ್ದೇನೇ? ಕೊನೆಗೆ ಏನಾಗ್ತೈತೆ? ಯಾಕೆ ತಟ್ಟಿದ್ಲು?" ಅವಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ನಾನು ನಿಜ ಹೇಳಿದ್ದರೆ ಅವಳು ಬ್ಯಾಗು ಎತ್ತಿಕೊಂಡು ಮನೆಗೆ ತಿರುಗುತ್ತಿದ್ದಳೋ ಇಲ್ಲವೋ, ಗೊತ್ತಿಲ್ಲ. ಆದರೆ ಅವಳು ಕೇಳಿದಳು. ಕಿಟಕಿಯಲ್ಲಿ ದೊಡ್ಡಪ್ಪ ಕಂಡರು. ಈ ಕೂಸಿಗೆ ತಿಳಿದಿದ್ದು ಎಂದು ಎಲ್ಲರ ಮುಂದೆ ಹೊಗಳಿಸಿಕೊಂಡವಳು ನಾನು. "ದೊಡ್ಡಪ್ಪ ಹೇಳಿದ್ದೇ ಸರಿ ಅತ್ತೆ. ತಟ್ಟಿ ಬೇಡ್ಕಂತಾಳೆ. ಒಳಗೆ ಕರ್ಕಂತಾರೆ. ಆಮೇಲೆ ಎಲ್ಲ ಚೆನ್ನಾಗಿರ್ತಾರೆ" ಎಂದೆ. ಚೆನ್ನಾಗಿರ್ತಾರೆ ಎಂದು ನಾನೇ ಸೇರಿಸಿದೆ, ಯಾರೂ ಕೇಳಿರಲಿಲ್ಲ. ಅತ್ತೆ ನನ್ನ ಕೈ ಬಿಟ್ಟಳು. "ಹೌದಾ" ಎಂದಳು. ಬಸ್ಸು ಹತ್ತಿದಳು.

ದೊಡ್ಡಪ್ಪ ಆ ಪುಸ್ತಕವನ್ನು ಮುಂದಿನ ವಾರ ಓದಿದರು. ಚೀಟಿ ತೆಗೆದು ನೋಡುವ ಸಂಜೆ ಆ ಒಂದು ಪುಸ್ತಕಕ್ಕೆ ಮಾತ್ರ ಬರಲೇ ಇಲ್ಲ. "ಬರೆದೋನಿಗೆ ಹೆಸರಿಡಾಕೆ ಬಂದಿಲ್ಲ" ಎಂದಷ್ಟೇ ಹೇಳಿ ಬೀರುವಿನ ಮೇಲಿನ ಅರೆಗೆ ತಳ್ಳಿದರು. ಅತ್ತೆ ಇನ್ನೂ ನಾಲ್ಕು ವರ್ಷ ಬದುಕಿದಳು. ಒಂದು ಮದುವೆಗೆ ಬಂದಿದ್ದಳು, ನನ್ನ ತಲೆ ಬಾಚಲಿಲ್ಲ, ಕಥೆ ಹೇಳಲಿಲ್ಲ. ಆಮೇಲೆ ಜ್ವರ ಬಂದು ಹೋದಳು ಎಂದು ಸುದ್ದಿ ಬಂತು. ಎಷ್ಟು ದಿನದ ಜ್ವರ, ಯಾರು ಹತ್ತಿರ ಇದ್ದರು ಎಂದು ನಮ್ಮ ಮನೆಯಿಂದ ಯಾರೂ ಕೇಳಲಿಲ್ಲ. ದೊಡ್ಡಪ್ಪ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಊಟಕ್ಕೆ ಕೂತು, ಸಾರಿಗೆ ಉಪ್ಪು ಕಡಿಮೆ ಎಂದರು.

ಹೊನ್ನಾಳಿಯಲ್ಲಿ ಅವತ್ತು ಮಗು ಮಲಗಿದ ಮೇಲೆ ತಂಗಿ, ದೊಡ್ಡಪ್ಪನ ಉಳಿದ ಪುಸ್ತಕಗಳು ತನ್ನ ಅಟ್ಟದ ಮೇಲಿವೆ, ಬೇಕಾದರೆ ನೋಡು ಎಂದಳು. ಟ್ರಂಕು ತೆರೆದಾಗ ಅದೇ ವಾಸನೆ. ತಳದಲ್ಲಿ 'ಹೊರಗಿನ ಚಿಲಕ' ಇತ್ತು. ಹಿಂದಿನ ರಟ್ಟಿನೊಳಗೆ ಒಂದೇ ಚೀಟಿ. ದೊಡ್ಡಪ್ಪ ತಮ್ಮದನ್ನೂ ಉಳಿದವರದನ್ನೂ ತೆಗೆದುಬಿಟ್ಟಿದ್ದರು, ನಾನು ನನ್ನದನ್ನು ತೆಗೆದ ಹಾಗೆಯೇ. ಉಳಿದವಳು ಅತ್ತೆ ಒಬ್ಬಳೇ. ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: "ಅವಳು ಹೊರಗಿದ್ದಾಳೆ ಅನ್ನಿಸುತ್ತದೆ. ಚಿಲಕ ಅವಳ ಕೈಗೆ ಸಿಗುತ್ತದೆ. ತೆಗೆಯುತ್ತಾಳೋ ಇಲ್ಲವೋ ಈ ಎರಡು ಸಾಲಿನಿಂದ ಗೊತ್ತಾಗುವುದಿಲ್ಲ. ಪುಸ್ತಕ ಕೊಟ್ಟರೆ ಓದಿ ಹೇಳುತ್ತೇನೆ."